ಕಂಪನಿಯ ಆಸ್ತಿಯ ಮೇಲೆ ಯಾರ ಸಾಲವಿದೆ? ಚಾರ್ಜ್ ದಾಖಲೆಗಳನ್ನು ತೆಗೆದು ಓದುವ ಕ್ರಮ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕೊಯ್ಲು, ಸುಲಿತ ಎಲ್ಲ ಮುಗಿದ ಮೇಲೆ ಶಿವಮೊಗ್ಗದ ನನ್ನ ಕಚೇರಿಗೆ ಬಂದು ಒಂದು ಕಾಗದವನ್ನು ಮೇಜಿನ ಮೇಲಿಟ್ಟರು. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಘಟಕವಿರುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯು ಅವರ 60 ಕ್ವಿಂಟಾಲ್ ರಾಶಿ ಅಡಿಕೆಯನ್ನು ಮಂಡಿಗಿಂತ ಹೆಚ್ಚಿನ ದರಕ್ಕೆ ಕೊಳ್ಳುವುದಾಗಿಯೂ, ಹಣವನ್ನು ಮಾತ್ರ 90 ದಿನಗಳ ನಂತರ ಕೊಡುವುದಾಗಿಯೂ ಅದರಲ್ಲಿ ಬರೆದಿತ್ತು. ಮಾಲಿನ ಬೆಲೆ ಸುಮಾರು 30 ಲಕ್ಷ ರೂಪಾಯಿ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಇವರು ಬೇರೆ ಯಾರ ಹತ್ರ ಎಷ್ಟು ಸಾಲ ಮಾಡಿದ್ದಾರೆ ಅಂತ ಗೊತ್ತಾಗುತ್ತಾ ಸಾರ್?"

ಬಹುಮಟ್ಟಿಗೆ ಗೊತ್ತಾಗುತ್ತದೆ. ಅದಕ್ಕೆ ಬೇಕಾದದ್ದು ಒಂದು ಕಂಪ್ಯೂಟರು, 100 ರೂಪಾಯಿ ಶುಲ್ಕ ಮತ್ತು ಸುಮಾರು ಅರ್ಧ ದಿನದ ತಾಳ್ಮೆ. ಆ ದಿನ ನಾವು ಹುಡುಕಿದ ಕ್ರಮವನ್ನೇ ಇಲ್ಲಿ ಹಂತಹಂತವಾಗಿ ವಿವರಿಸುತ್ತೇನೆ. ಕಂಪನಿಯ ಗುರುತು ಸಿಗಬಾರದೆಂದು ದಿನಾಂಕ ಮತ್ತು ಮೊತ್ತಗಳನ್ನು ಬದಲಿಸಿದ್ದೇನೆ. ಲೆಕ್ಕದ ಸ್ವರೂಪ ಮಾತ್ರ ಹಾಗೆಯೇ ಇದೆ.

ಚಾರ್ಜ್ ಎಂದರೆ ಏನು, ಅದು ಅಡಿಕೆಯವರೆಗೆ ಹೇಗೆ ಬರುತ್ತದೆ

ಕಂಪನಿಯೊಂದು ಸಾಲ ಪಡೆಯುವಾಗ ತನ್ನ ಜಾಗ, ಕಟ್ಟಡ, ಯಂತ್ರ, ದಾಸ್ತಾನು ಅಥವಾ ತನಗೆ ಬರಬೇಕಾದ ಬಾಕಿಯನ್ನು ಭದ್ರತೆಯಾಗಿ ತೋರಿಸಿದರೆ, ಆ ಆಸ್ತಿಯ ಮೇಲೆ ಸಾಲ ಕೊಟ್ಟವರಿಗೆ ಹುಟ್ಟುವ ಹಕ್ಕನ್ನು 2013ರ ಕಂಪನಿ ಕಾಯ್ದೆಯು ಚಾರ್ಜ್ ಎಂದು ಕರೆಯುತ್ತದೆ. ಜಾಗದ ಅಡಮಾನವೂ ಇದರೊಳಗೇ ಬರುತ್ತದೆ. ದಾಸ್ತಾನು ಮತ್ತು ಯಂತ್ರಗಳು ಕಂಪನಿಯ ವಶದಲ್ಲಿಯೇ ಇದ್ದು ಅವುಗಳ ಮೇಲೆ ಬ್ಯಾಂಕಿಗೆ ಹಕ್ಕು ಬರೆದುಕೊಡುವುದನ್ನು ಬ್ಯಾಂಕಿನವರು ಹೈಪೋಥಿಕೇಷನ್ ಎನ್ನುತ್ತಾರೆ, ಅದೂ ಚಾರ್ಜೇ. ಕಾಯ್ದೆಯ 77ನೇ ಕಲಮಿನ ಪ್ರಕಾರ ಇಂಥ ಪ್ರತಿಯೊಂದು ಚಾರ್ಜನ್ನೂ ಕಂಪನಿಗಳ ರಿಜಿಸ್ಟ್ರಾರರಲ್ಲಿ ನೋಂದಾಯಿಸಬೇಕು. ನೋಂದಾಯಿಸದಿದ್ದರೆ ಕಂಪನಿ ಮುಳುಗಿದ ಕಾಲದಲ್ಲಿ ಆಸ್ತಿ ಮಾರಿ ಸಾಲಗಳನ್ನು ತೀರಿಸುವ ಲಿಕ್ವಿಡೇಟರಾಗಲಿ ಸಾಲ ಕೊಟ್ಟ ಇತರರಾಗಲಿ ಆ ಚಾರ್ಜನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ನೋಂದಣಿಯಾಯಿತೇ ಇಲ್ಲವೇ ಎಂಬ ಬಗ್ಗೆ ಕಂಪನಿಗಿಂತ ಬ್ಯಾಂಕಿಗೇ ಹೆಚ್ಚು ಕಾಳಜಿ. ಕಂಪನಿ ಮರೆತರೆ 78ನೇ ಕಲಮಿನಡಿ ಬ್ಯಾಂಕೇ ಅರ್ಜಿ ಹಾಕಿ ನೋಂದಾಯಿಸಬಹುದು. ಈ ದಾಖಲೆಯನ್ನು ತಕ್ಕಮಟ್ಟಿಗೆ ನಂಬಬಹುದಾದದ್ದು ಇದೇ ಕಾರಣದಿಂದ.

ಬೆಳೆಗಾರರು ಒಂದು ಮಾತನ್ನು ಗಮನಿಸಬೇಕು. ಬ್ಯಾಂಕಿನ ಹೈಪೋಥಿಕೇಷನ್ ಪತ್ರದಲ್ಲಿ ಸಾಮಾನ್ಯವಾಗಿ "ಈಗ ಇರುವ ಮತ್ತು ಮುಂದೆ ಬರುವ ಎಲ್ಲ ದಾಸ್ತಾನು" ಎಂಬ ಅರ್ಥದ ವಾಕ್ಯವಿರುತ್ತದೆ. ನೀವು ಸಾಲಕ್ಕೆ ಮಾರಿದ ಅಡಿಕೆ ಕಂಪನಿಯ ಗೋದಾಮಿನೊಳಗೆ ಇಳಿದು ಅದರ ಸ್ವತ್ತಾದ ಕ್ಷಣದಲ್ಲೇ, ನಿಮಗೆ ಒಂದು ರೂಪಾಯಿ ಬಂದಿರದಿದ್ದರೂ, ಅದು ಬ್ಯಾಂಕಿನ ಭದ್ರತೆಯ ಭಾಗವಾಗುತ್ತದೆ. ನಾಳೆ ಕಂಪನಿ ಕೈಯೆತ್ತಿದರೆ ಆ ಚೀಲಗಳ ಮೇಲೆ ನಿಮ್ಮ ತೋಟದ ಗುರುತಿದ್ದರೂ ಮೊದಲ ಹಕ್ಕು ಬ್ಯಾಂಕಿನದು.

ಮೊದಲು ಕೊಳ್ಳುವವರು ಯಾರೆಂದು ಖಚಿತಪಡಿಸಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಫಲಕದ ಮೇಲೆ ಒಂದು ಹೆಸರು, ವಿಸಿಟಿಂಗ್ ಕಾರ್ಡಿನಲ್ಲಿ ಅದೇ ಹೆಸರಿನ ಸಂಕ್ಷಿಪ್ತ ರೂಪ, ಖರೀದಿ ಬಿಲ್ಲಿನಲ್ಲಿ ಇನ್ನೊಂದು ಹೆಸರು ಇರುವುದು ನಮ್ಮ ಕಡೆ ಹೊಸದಲ್ಲ. ಒಂದೇ ಮನೆಯವರು ಒಂದು ಕಂಪನಿ, ಒಂದು ಪಾಲುದಾರಿಕೆ ಸಂಸ್ಥೆ ಮತ್ತು ಮಂಡಿ ಲೈಸೆನ್ಸಿಗಾಗಿ ಒಬ್ಬರ ಸ್ವಂತ ಹೆಸರಿನ ವ್ಯಾಪಾರ, ಹೀಗೆ ಮೂರನ್ನೂ ನಡೆಸುತ್ತಿರಬಹುದು. ಬಿಲ್ಲು ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿ ಬರುವುದಾದರೆ ಕಂಪನಿಯ ಚಾರ್ಜ್ ನೋಡಿ ಪ್ರಯೋಜನವಿಲ್ಲ, ಏಕೆಂದರೆ ನಿಮಗೆ ಹಣ ಕೊಡಬೇಕಾದವರೇ ಬೇರೆ.

ಆದ್ದರಿಂದ ಬಿಲ್ಲಿನ ಮೇಲಿರುವ ಜಿಎಸ್‌ಟಿ ಸಂಖ್ಯೆಯನ್ನು ತೆಗೆದುಕೊಂಡು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ. ಕಾನೂನುಬದ್ಧ ಹೆಸರು ಮತ್ತು ಸಂಸ್ಥೆಯ ಸ್ವರೂಪ ಅಲ್ಲಿ ಕಾಣುತ್ತದೆ. ಸ್ವರೂಪ ಪ್ರೈವೇಟ್ ಲಿಮಿಟೆಡ್ ಅಥವಾ ಪಬ್ಲಿಕ್ ಲಿಮಿಟೆಡ್ ಕಂಪನಿ ಎಂದಿದ್ದರೆ ಮಾತ್ರ ಈ ಮಾರ್ಗದರ್ಶಿ ಉಪಯೋಗಕ್ಕೆ ಬರುತ್ತದೆ. ಪಾಲುದಾರಿಕೆ, ಸ್ವಂತ ಹೆಸರಿನ ವ್ಯಾಪಾರ ಮತ್ತು ಸಹಕಾರಿ ಸಂಘಗಳು ಕಂಪನಿ ರಿಜಿಸ್ಟ್ರಾರರ ವ್ಯಾಪ್ತಿಗೆ ಬರುವುದಿಲ್ಲ. ಮ್ಯಾಮ್ಕೋಸ್‌ನಂಥ ಸಹಕಾರಿ ಸಂಸ್ಥೆಯ ಹೆಸರನ್ನು ಅಲ್ಲಿ ಹುಡುಕಿದರೆ ಸಿಗದಿರುವುದು ಸಹಜ.

ಆನಂತರ ಕಂಪನಿಯ ಗುರುತಿನ ಸಂಖ್ಯೆ, ಅಂದರೆ `CIN`, ಬೇಕು. ಇದು 21 ಅಕ್ಷರ ಮತ್ತು ಅಂಕಿಗಳ ಸರಣಿ. ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಇದನ್ನು ಮುದ್ರಿಸುವುದು ಕಡ್ಡಾಯ. 2011ರಲ್ಲಿ ಕರ್ನಾಟಕದಲ್ಲಿ ನೋಂದಣಿಯಾದ, ಷೇರುಪೇಟೆಗೆ ಸೇರದ ಪ್ರೈವೇಟ್ ಕಂಪನಿಯ ಸಂಖ್ಯೆ ಈ ಮಾದರಿಯಲ್ಲಿರುತ್ತದೆ. ಚೌಕ ಚಿಹ್ನೆಯ ಜಾಗದಲ್ಲಿ ಅಂಕಿಗಳು ಬರುತ್ತವೆ:

```
U#####KA2011PTC######
```

ಹೆಸರು ಹಾಕಿ ಹುಡುಕಿದರೆ ಒಂದೇ ತರಹದ ನಾಲ್ಕಾರು ಹೆಸರುಗಳು ಬಂದು ಗೊಂದಲವಾಗುತ್ತದೆ. ಕಂಪನಿಯು ಹಿಂದೆ ತನ್ನ ಹೆಸರನ್ನೇ ಬದಲಿಸಿಕೊಂಡಿರಲೂಬಹುದು. ಸಂಖ್ಯೆ ಕೈಯಲ್ಲಿದ್ದರೆ ಈ ತೊಡಕಿಲ್ಲ.

ಚಾರ್ಜ್‌ಗಳ ಪಟ್ಟಿಯನ್ನು ತೆರೆಯುವುದು

ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ `mca.gov.in` ಪೋರ್ಟಲ್‌ನಲ್ಲಿ ಸಾಮಾನ್ಯ ಬಳಕೆದಾರರಾಗಿ ನೋಂದಾಯಿಸಿಕೊಳ್ಳಿ. ಇದಕ್ಕೆ ಹಣ ಕೊಡಬೇಕಿಲ್ಲ. ಒಳಗೆ ಹೋದ ಮೇಲೆ `MCA Services` ಎಂಬ ಮೆನುವಿನಲ್ಲಿ `Master Data` ಮತ್ತು `Index of Charges` ಎಂಬ ಹೆಸರುಗಳನ್ನು ಹುಡುಕಿ. ಪೋರ್ಟಲ್ ಆಗಾಗ ಮೈ ಬದಲಿಸುವುದರಿಂದ ಮೆನುವಿನ ಜಾಗ ಹೆಚ್ಚುಕಡಿಮೆಯಾಗಬಹುದು, ಆದರೆ ಈ ಹೆಸರುಗಳು ಉಳಿದುಕೊಂಡು ಬಂದಿವೆ. ಕಂಪನಿಯ ಸಂಖ್ಯೆ ಹಾಕಿದರೆ ಚಾರ್ಜ್ ಸಂಖ್ಯೆ, ಸಾಲ ಕೊಟ್ಟವರ ಹೆಸರು, ಚಾರ್ಜ್ ಸೃಷ್ಟಿಯಾದ ದಿನ, ಬದಲಾದ ದಿನ, ತೀರಿದ ದಿನ ಮತ್ತು ಮೊತ್ತ ಇರುವ ಪಟ್ಟಿ ತೆರೆದುಕೊಳ್ಳುತ್ತದೆ. ಇಷ್ಟನ್ನು ನೋಡಲು ಶುಲ್ಕವಿಲ್ಲ.

ನಮಗೆ ಸಿಕ್ಕ ಪಟ್ಟಿಯ ಸಾರ ಹೀಗಿತ್ತು:

| ಸಾಲ ಕೊಟ್ಟವರು | ಸೃಷ್ಟಿ | ಬದಲಾವಣೆ | ತೀರುವಳಿ | ಮೊತ್ತ, ರೂಪಾಯಿ |
|---|---|---|---|---|
| ರಾಜ್ಯದ ಹಣಕಾಸು ಸಂಸ್ಥೆ | 09-05-2012 | ಇಲ್ಲ | ಇಲ್ಲ | 80,00,000 |
| ಸರ್ಕಾರಿ ಬ್ಯಾಂಕು | 12-06-2014 | 03-09-2019 | ಇಲ್ಲ | 4,50,00,000 |
| ಖಾಸಗಿ ಬ್ಯಾಂಕು | 20-01-2018 | ಇಲ್ಲ | 28-02-2021 | 18,00,000 |
| ಬ್ಯಾಂಕೇತರ ಹಣಕಾಸು ಕಂಪನಿ | 14-02-2023 | ಇಲ್ಲ | ಇಲ್ಲ | 1,20,00,000 |

ಬೆಳೆಗಾರರು ಕೂಡಲೇ ಬೆರಳು ಮಡಚಿ ಲೆಕ್ಕ ಹಾಕಿದರು. ತೀರಿದ ಸಾಲವನ್ನು ಬಿಟ್ಟು ಉಳಿದ ಮೂರನ್ನು ಕೂಡಿಸಿದರೆ ಆರೂವರೆ ಕೋಟಿ. "ಇಷ್ಟು ಸಾಲ ಇರೋರಿಗೆ ಕೊಡೋದು ಬೇಡ ಬಿಡಿ" ಎಂದು ಎದ್ದೇಬಿಟ್ಟರು. ಕೂರಿಸಬೇಕಾಯಿತು, ಏಕೆಂದರೆ ಆ ಆರೂವರೆ ಕೋಟಿ ಎಂಬುದು ಕಂಪನಿಯ ಸಾಲದ ಬಾಕಿಯಲ್ಲ. ಪಟ್ಟಿಯಲ್ಲಿರುವ ಮೊತ್ತವು ಯಾವ ಮಿತಿಯವರೆಗಿನ ಸಾಲಕ್ಕೆ ಆಸ್ತಿಯನ್ನು ಭದ್ರತೆಯಾಗಿ ಬರೆದುಕೊಡಲಾಗಿದೆ ಎಂಬುದನ್ನು ಮಾತ್ರ ಹೇಳುತ್ತದೆ. ಇಂದು ಅದರಲ್ಲಿ ಎಷ್ಟು ಬಾಕಿಯಿದೆ ಎಂಬುದು ಇಲ್ಲಿ ಕಾಣುವುದಿಲ್ಲ. ಹತ್ತು ವರ್ಷ ಕಂತು ಕಟ್ಟಿದರೂ, ಸಾಲ ಪೂರ್ತಿ ತೀರಿ ತೀರುವಳಿ ದಾಖಲಾಗುವ ತನಕ ಮೊದಲ ಮೊತ್ತವೇ ಹಾಗೇ ನಿಂತಿರುತ್ತದೆ.

ಇನ್ನೊಂದು ಸಣ್ಣ ಗೊಂದಲವೆಂದರೆ ಬ್ಯಾಂಕುಗಳ ಹಳೆಯ ಹೆಸರುಗಳು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರ ಏಪ್ರಿಲ್ 1ರಂದು ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಹಳೆಯ ಚಾರ್ಜ್‌ಗಳಲ್ಲಿ ಹಳೆಯ ಹೆಸರೇ ಉಳಿದಿರುವುದುಂಟು. ಪಟ್ಟಿಯಲ್ಲಿ ಸಿಂಡಿಕೇಟ್ ಎಂದೂ ಕೆನರಾ ಎಂದೂ ಎರಡು ಸಾಲುಗಳಿದ್ದರೆ ಸಾಲ ಕೊಟ್ಟವರು ಇಬ್ಬರೆಂದು ತಿಳಿಯಬಾರದು. ಹಾಗೆಯೇ ಹೆಸರಿನ ಜಾಗದಲ್ಲಿ ಟ್ರಸ್ಟಿ ಕಂಪನಿಯೊಂದಿದ್ದರೆ ಅದು ಬೇರೆಯವರ ಪರವಾಗಿ ಭದ್ರತೆಯನ್ನು ಹಿಡಿದುಕೊಂಡಿದೆ ಎಂದರ್ಥ. ನಿಜವಾಗಿ ಹಣ ಕೊಟ್ಟವರು ಯಾರೆಂದು ತಿಳಿಯಲು ಮೂಲಪತ್ರವನ್ನೇ ಓದಬೇಕು.

100 ರೂಪಾಯಿ ಕೊಟ್ಟು ಮೂಲಪತ್ರಗಳನ್ನು ತೆಗೆಯುವುದು

ಪಟ್ಟಿಯು ಬರೀ ಬಾಗಿಲು. ಯಾವ ಆಸ್ತಿ, ಯಾವ ಷರತ್ತು ಎಂಬುದು ಸಲ್ಲಿಸಿದ ಪತ್ರಗಳಲ್ಲಿರುತ್ತದೆ. ಅದೇ ಪೋರ್ಟಲ್‌ನ `View Public Documents` ಸೇವೆಯಲ್ಲಿ ಒಂದು ಕಂಪನಿಗೆ 100 ರೂಪಾಯಿ ಕಟ್ಟಿದರೆ ಆ ಕಂಪನಿ ಸಲ್ಲಿಸಿರುವ ಸಾರ್ವಜನಿಕ ದಾಖಲೆಗಳೆಲ್ಲ ತೆರೆದುಕೊಳ್ಳುತ್ತವೆ. ಹಣ ಕಟ್ಟಿದ ಮೇಲೆ ಏಳು ದಿನಗಳೊಳಗೆ ನೋಡಬೇಕು. ಒಮ್ಮೆ ನೋಡಲು ತೊಡಗಿದರೆ ಮೂರು ಗಂಟೆ ಮಾತ್ರ ಅವಕಾಶ. ಆದ್ದರಿಂದ ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ಊರಿನಲ್ಲಿ ಕುಳಿತು ಇದನ್ನು ಆರಂಭಿಸಬೇಡಿ. ತೆರೆದ ಕೂಡಲೇ ಓದುತ್ತ ಕೂರದೆ, ಬೇಕಾದ ಕಡತಗಳನ್ನು ಮೊದಲು ಇಳಿಸಿಕೊಂಡು ಆಮೇಲೆ ನಿಧಾನವಾಗಿ ಓದುವುದು ಒಳ್ಳೆಯದು.

ಇಳಿಸಿಕೊಳ್ಳಬೇಕಾದದ್ದು ಮೂರು ಬಗೆಯ ಕಡತಗಳನ್ನು. ಚಾರ್ಜ್ ದಾಖಲೆಗಳ ವರ್ಗದಲ್ಲಿ `CHG-1` ನಮೂನೆ ಸಿಗುತ್ತದೆ. ಚಾರ್ಜ್ ಸೃಷ್ಟಿಗೂ ಬದಲಾವಣೆಗೂ ಇದೇ ನಮೂನೆ. ಸಾಲ ಎತ್ತಲು ಕೊಟ್ಟ ಸಾಲಪತ್ರಗಳು, ಅಂದರೆ ಡಿಬೆಂಚರ್‌ಗಳಿದ್ದರೆ `CHG-9`, ತೀರುವಳಿಗೆ `CHG-4`. ಈ ನಮೂನೆಗಳು 2014ರ ಏಪ್ರಿಲ್‌ನಿಂದ ಬಂದವು. ಅದಕ್ಕಿಂತ ಹಿಂದಿನ ಚಾರ್ಜ್‌ಗಳಿಗೆ ಹಳೆಯ ಕಾಯ್ದೆಯ `Form 8`, ತೀರುವಳಿಗೆ `Form 17` ಎಂದು ಹುಡುಕಬೇಕು. ಎರಡನೆಯದು ಅವುಗಳ ಜತೆಗಿರುವ ಲಗತ್ತುಗಳು. `Instrument(s) of creation or modification of charge` ಎಂಬ ಹೆಸರಿನ ಕಡತದಲ್ಲೇ ಹೈಪೋಥಿಕೇಷನ್ ಪತ್ರವೋ ಅಡಮಾನ ಪತ್ರವೋ ಇರುತ್ತದೆ, ಹಲವು ಬಾರಿ ಬ್ಯಾಂಕಿನ ಮಂಜೂರಾತಿ ಪತ್ರವೂ ಸೇರಿರುತ್ತದೆ. ಮೂರನೆಯದು `AOC-4` ನಮೂನೆಯ ಜತೆಗೆ ಸಲ್ಲಿಸಿರುವ ವಾರ್ಷಿಕ ಲೆಕ್ಕಪತ್ರ. ಕಡೆಯ ಎರಡು ವರ್ಷದ್ದು ಸಾಕು.

ನಮೂನೆಯನ್ನು ಓದುವಾಗ ಸಾಲದ ಷರತ್ತು ಮತ್ತು ಆಸ್ತಿಯ ವಿವರಣೆ ಇರುವ ಜಾಗಗಳಲ್ಲಿ ನಿಲ್ಲಿ. ಉಳಿದದ್ದನ್ನು ಕಣ್ಣಾಡಿಸಿದರೆ ಸಾಕು. ಸರ್ಕಾರಿ ಬ್ಯಾಂಕಿನ 2019ರ ಬದಲಾವಣೆಯ ನಮೂನೆಯಲ್ಲಿ ನಮಗೆ ಕಂಡದ್ದು ಇದು: ಮೊದಲು 2.25 ಕೋಟಿಯಿದ್ದ ಮಿತಿಯನ್ನು 4.50 ಕೋಟಿಗೆ ಏರಿಸಲಾಗಿದೆ; ಅದರಲ್ಲಿ 3.50 ಕೋಟಿ ಕ್ಯಾಷ್ ಕ್ರೆಡಿಟ್, ಅಂದರೆ ಅಡಿಕೆ ಖರೀದಿಗೆ ಬಳಸುವ ಸಿಸಿ ಸಾಲ, ಉಳಿದ 1 ಕೋಟಿ ಕಟ್ಟಡ ಮತ್ತು ಯಂತ್ರಕ್ಕೆ ಅವಧಿ ಸಾಲ. ಭದ್ರತೆಯಾಗಿ ಈಗಿರುವ ಹಾಗೂ ಮುಂದೆ ಬರುವ ಎಲ್ಲ ದಾಸ್ತಾನು, ಬರಬೇಕಾದ ಬಾಕಿಗಳು ಮತ್ತು ಯಂತ್ರಗಳ ಮೇಲೆ ಹೈಪೋಥಿಕೇಷನ್, ಜತೆಗೆ ಕೈಗಾರಿಕಾ ನಿವೇಶನದ ಗುತ್ತಿಗೆ ಹಕ್ಕಿನ ಅಡಮಾನ. ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯಾದ ಕೆಐಎಡಿಬಿ ನಿವೇಶನಗಳನ್ನು ಗುತ್ತಿಗೆ ಮತ್ತು ಮಾರಾಟದ ಕರಾರಿನ ಮೇಲೆ ಕೊಡುವುದರಿಂದ, ಮಾರಾಟಪತ್ರ ಆಗುವ ತನಕ ಕಂಪನಿ ಅಡವಿಡುವುದು ಜಾಗವನ್ನಲ್ಲ, ಗುತ್ತಿಗೆಯ ಹಕ್ಕನ್ನು. ಅದಕ್ಕೆ ಮಂಡಳಿಯ ನಿರಾಕ್ಷೇಪಣಾ ಪತ್ರವೂ ಬೇಕು. ಫಲಕ ಹಾಕಿದ ದೊಡ್ಡ ಕಟ್ಟಡ ನೋಡಿ ಧೈರ್ಯ ತಂದುಕೊಂಡಿದ್ದ ನಮ್ಮ ಬೆಳೆಗಾರರಿಗೆ ಈ ಒಂದು ಸಾಲು ಸಾಕಷ್ಟು ಹೇಳಿತು.

ಮೂಲ ಪಟ್ಟಿಯಲ್ಲಿ ಕಡೆಯ ಬದಲಾವಣೆಯ ದಿನ ಮಾತ್ರ ಕಾಣುತ್ತದೆ. ಹಿಂದೆ ಎಷ್ಟು ಸಲ ಮಿತಿ ಏರಿತು, ಯಾವಾಗ ಹೊಸ ಭದ್ರತೆ ಸೇರಿತು ಎಂಬ ಇತಿಹಾಸ ಬೇಕಾದರೆ ಅದೇ ಚಾರ್ಜ್ ಸಂಖ್ಯೆಯ ಎಲ್ಲ `CHG-1`ಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಳ್ಳಬೇಕು. ಮಿತಿ ಏರುತ್ತಾ ಹೋದದ್ದು ವ್ಯಾಪಾರ ಬೆಳೆದ ಲಕ್ಷಣವೂ ಇರಬಹುದು. ಆದರೆ ಮಿತಿ ಏರದೆ ಹೊಸ ಆಸ್ತಿ ಮಾತ್ರ ಭದ್ರತೆಗೆ ಸೇರಿದ್ದರೆ ಬ್ಯಾಂಕಿಗೆ ಇದ್ದ ಭದ್ರತೆ ಸಾಲದೆನಿಸಿದೆ ಎಂದೇ ನಾನು ಓದುತ್ತೇನೆ.

ನಾಲ್ಕನೆಯ ಸಾಲು ಹೆಚ್ಚು ಕುತೂಹಲಕರವಾಗಿತ್ತು. ಬ್ಯಾಂಕೇತರ ಕಂಪನಿಯು 2023ರಲ್ಲಿ ಅಡಿಕೆ ಆರಿಸುವ ಯಂತ್ರವೊಂದರ ಮೇಲೆ 1.20 ಕೋಟಿಯ ಚಾರ್ಜ್ ಪಡೆದಿದೆ. ಆದರೆ ಮುಂದೆ ಬರುವ ಯಂತ್ರಗಳೆಲ್ಲ ತನ್ನವೆಂದು ಸರ್ಕಾರಿ ಬ್ಯಾಂಕು 2019ರಲ್ಲೇ ಬರೆಸಿಕೊಂಡಾಗಿದೆ. ಇಂಥ ಸಂದರ್ಭದಲ್ಲಿ ಈ ಯಂತ್ರದ ಮಟ್ಟಿಗೆ ತನ್ನ ಹಕ್ಕನ್ನು ಬಿಟ್ಟುಕೊಡುವುದಾಗಿಯೋ ಸಮಪಾಲಿನಲ್ಲಿ ಹಂಚಿಕೊಳ್ಳುವುದಾಗಿಯೋ ಮೊದಲ ಬ್ಯಾಂಕು ಒಪ್ಪಿಗೆಪತ್ರ ಕೊಡುವುದು ರೂಢಿ. ಲಗತ್ತುಗಳಲ್ಲಿ ಅಂಥ ಪತ್ರ ಇರಲಿಲ್ಲ. ಇಲ್ಲದಿರುವುದರಿಂದಲೇ ಏನೋ ತಪ್ಪಾಗಿದೆ ಎಂದು ಹೇಳಲಾಗದು, ಕೇಳಬೇಕಾದ ಪ್ರಶ್ನೆ ಮಾತ್ರ ಹುಟ್ಟುತ್ತದೆ: ತನ್ನದೇ ಬ್ಯಾಂಕಿನಲ್ಲಿ ಸಾಲ ಸಿಗುವ ಕಂಪನಿ, ಹೆಚ್ಚು ಬಡ್ಡಿ ಕೊಟ್ಟು ಹೊರಗೆ ಹೋದದ್ದು ಏಕೆ? ನಮೂನೆಯಲ್ಲಿ ಬಡ್ಡಿದರವೂ ಬರೆದಿರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ಲೆಕ್ಕಪತ್ರದೊಂದಿಗೆ ತಾಳೆ ನೋಡುವುದು

ಚಾರ್ಜ್ ದಾಖಲೆ ಮಿತಿಯನ್ನು ಹೇಳುತ್ತದೆ, ಲೆಕ್ಕಪತ್ರ ಬಾಕಿಯನ್ನು ಹೇಳುತ್ತದೆ. ಒಂದಿಲ್ಲದೆ ಇನ್ನೊಂದನ್ನು ಓದುವುದು ಒಂದೇ ಕಣ್ಣಿನಲ್ಲಿ ನೋಡಿದ ಹಾಗೆ. ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ದೀರ್ಘಾವಧಿ ಮತ್ತು ಅಲ್ಪಾವಧಿ ಸಾಲಗಳ ಟಿಪ್ಪಣಿ ತೆಗೆದು, ಪ್ರತಿಯೊಂದು ಚಾರ್ಜಿನ ಎದುರಿಗೆ ಮಾರ್ಚ್ 31ರ ಬಾಕಿಯನ್ನು ಬರೆದುಕೊಳ್ಳಿ.

ನಮ್ಮ ಲೆಕ್ಕ ಹೀಗೆ ಬಂತು. ಸರ್ಕಾರಿ ಬ್ಯಾಂಕಿನ ಸಿಸಿಯಲ್ಲಿ 2.70 ಕೋಟಿ, ಅವಧಿ ಸಾಲದಲ್ಲಿ 35 ಲಕ್ಷ, ಬ್ಯಾಂಕೇತರ ಕಂಪನಿಗೆ 84 ಲಕ್ಷ. ಭದ್ರತೆಯುಳ್ಳ ಸಾಲ ಒಟ್ಟು 3.89 ಕೋಟಿ, ಆರೂವರೆ ಕೋಟಿಯಲ್ಲ. 2012ರ ಹಣಕಾಸು ಸಂಸ್ಥೆಯ 80 ಲಕ್ಷದ ಸಾಲವೇ ಟಿಪ್ಪಣಿಯಲ್ಲಿರಲಿಲ್ಲ. ಅದರ ಬದಲು ಪಟ್ಟಿಯಲ್ಲಿ ಎಲ್ಲೂ ಕಾಣದ 60 ಲಕ್ಷವೊಂದು ಇಲ್ಲಿತ್ತು: ನಿರ್ದೇಶಕರು ಮತ್ತು ಅವರ ಬಂಧುಗಳಿಂದ ಪಡೆದ ಕೈಸಾಲ. ಭದ್ರತೆಯಿಲ್ಲದ ಸಾಲ ಚಾರ್ಜ್ ದಾಖಲೆಗೆ ಬರುವುದೇ ಇಲ್ಲವಾದ್ದರಿಂದ ಅದನ್ನು ತಿಳಿಯಲು ಲೆಕ್ಕಪತ್ರವೇ ದಾರಿ.

ಹಳೆಯ ಸಾಲದ ವಿಷಯಕ್ಕೆ ಬರೋಣ. ಸಾಲ ತೀರಿದ 30 ದಿನಗಳೊಳಗೆ ಕಂಪನಿಯು ತೀರುವಳಿಯನ್ನು ರಿಜಿಸ್ಟ್ರಾರರಿಗೆ ತಿಳಿಸಬೇಕು; ತಡವಾದರೆ ಹೆಚ್ಚುವರಿ ಶುಲ್ಕದೊಂದಿಗೆ 300 ದಿನಗಳವರೆಗೆ ಅವಕಾಶವಿದೆ. ಅದನ್ನೂ ಮೀರಿದರೆ ಕೇಂದ್ರ ಸರ್ಕಾರದ ಅಧಿಕಾರಿಗೆ ವಿಳಂಬ ಮನ್ನಿಸಲು ಅರ್ಜಿ ಹಾಕಬೇಕಾಗುತ್ತದೆ, ಈ ಗೋಜಿಗೆ ಹೋಗದೆ ಬಿಟ್ಟುಬಿಡುವ ಸಣ್ಣ ಕಂಪನಿಗಳು ಬೇಕಾದಷ್ಟಿವೆ. ಹೀಗೆ ತೀರಿಯೂ ತೀರದಂತೆ ತೋರುವ ಸಾಲವನ್ನು ಗುರುತಿಸಲು ಲೆಕ್ಕಪತ್ರದಲ್ಲೇ ಒಂದು ಜಾಗವಿದೆ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬದಲಾವಣೆಯ ಪ್ರಕಾರ, ಕಾಯ್ದೆಯ ಗಡುವು ಮೀರಿಯೂ ನೋಂದಣಿಯಾಗದೆ ಉಳಿದ ಚಾರ್ಜ್ ಅಥವಾ ತೀರುವಳಿ ಇದ್ದರೆ ಅದರ ವಿವರ ಮತ್ತು ಕಾರಣವನ್ನು ಕಂಪನಿ ಟಿಪ್ಪಣಿಯಲ್ಲಿ ಹೇಳಲೇಬೇಕು. ನಮ್ಮ ಕಂಪನಿಯ ಟಿಪ್ಪಣಿಯಲ್ಲಿ ಹಳೆಯ ಸಾಲ ತೀರಿದೆ, ತೀರುವಳಿಯ ದಾಖಲಾತಿ ಬಾಕಿಯಿದೆ ಎಂದು ಬರೆದಿತ್ತು. ಕಂಪನಿಯವರಿಂದ ಆ ಸಂಸ್ಥೆ ಕೊಟ್ಟ ನೋ ಡ್ಯೂ ಪತ್ರದ ಪ್ರತಿಯನ್ನು ಕೇಳಿದೆವು, ಎರಡು ದಿನಗಳಲ್ಲಿ ಬಂತು. ಕೇಳಿದರೆ ಕೊಡದಿದ್ದರೆ ಅದೂ ಒಂದು ಉತ್ತರವೇ.

ಅದೇ ಟಿಪ್ಪಣಿಗಳ ಪಕ್ಕದಲ್ಲಿ ಇನ್ನೊಂದು ಹೇಳಿಕೆಯನ್ನು ಹುಡುಕಿ: ದಾಸ್ತಾನಿನ ಭದ್ರತೆಯ ಮೇಲೆ ಸಾಲ ಪಡೆದ ಕಂಪನಿಯು ಮೂರು ತಿಂಗಳಿಗೊಮ್ಮೆ ಬ್ಯಾಂಕಿಗೆ ಕೊಟ್ಟ ದಾಸ್ತಾನು ವರದಿಗಳು ತನ್ನ ಲೆಕ್ಕದ ಪುಸ್ತಕಗಳೊಂದಿಗೆ ಹೊಂದಿಕೊಳ್ಳುತ್ತವೆಯೇ ಎಂಬುದನ್ನೂ ಹೇಳಬೇಕಾಗುತ್ತದೆ. ಸಿಸಿಯಲ್ಲಿ ಎಷ್ಟು ಹಣ ಎತ್ತಬಹುದೆಂಬುದನ್ನು ಬ್ಯಾಂಕು ದಾಸ್ತಾನು ಮತ್ತು ಬರಬೇಕಾದ ಬಾಕಿಯಿಂದ ಲೆಕ್ಕ ಹಾಕುತ್ತದೆ. ಹಣ ಕೊಡದೆ ತಂದ ಮಾಲನ್ನು ಆ ಲೆಕ್ಕದಿಂದ ಕಳೆಯುತ್ತದೆ. ಅಂದರೆ ನಿಮ್ಮಿಂದ ಸಾಲಕ್ಕೆ ತಂದ 60 ಕ್ವಿಂಟಾಲನ್ನು ತನ್ನ ಹಣದ ಮಾಲೆಂದು ತೋರಿಸಿದರೆ ಕಂಪನಿ ಅದರ ಮೇಲೂ ಬ್ಯಾಂಕಿನಿಂದ ಹಣ ಎತ್ತಬಹುದು. ವರದಿ ಮತ್ತು ಪುಸ್ತಕದ ನಡುವೆ ಲಕ್ಷಗಟ್ಟಲೆ ವ್ಯತ್ಯಾಸ ಎಂದು ಟಿಪ್ಪಣಿಯಲ್ಲಿ ಕಂಡರೆ ನಾನಂತೂ ಸಾಲಕ್ಕೆ ಮಾಲು ಕೊಡಬೇಡಿ ಎನ್ನುತ್ತೇನೆ.

ಈ ದಾಖಲೆಯಲ್ಲಿ ಕಾಣದಿರುವುದು

ಪಟ್ಟಿ ಇಂದಿನದಾಗಿ ಕಂಡರೂ ಅದು ಇಂದಿನದಲ್ಲ. ಚಾರ್ಜ್ ಸೃಷ್ಟಿಯಾದ 30 ದಿನಗಳೊಳಗೆ ನೋಂದಾಯಿಸಬೇಕೆಂಬುದು ನಿಯಮ. 2018ರ ನವೆಂಬರ್ 2ರಿಂದ ಈಚಿನ ಚಾರ್ಜ್‌ಗಳಿಗೆ ಹೆಚ್ಚುವರಿ ಶುಲ್ಕದೊಂದಿಗೆ 60ನೇ ದಿನದವರೆಗೂ, ಇನ್ನೂ ಹೆಚ್ಚಿನ ಶುಲ್ಕದೊಂದಿಗೆ ಅಲ್ಲಿಂದ ಮುಂದೆ 60 ದಿನಗಳವರೆಗೂ ಅವಕಾಶವಿದೆ. ಒಟ್ಟು 120 ದಿನ. ಕಂಪನಿ ಮೂರು ತಿಂಗಳ ಹಿಂದೆ ದೊಡ್ಡ ಸಾಲ ಮಾಡಿ ಗೋದಾಮನ್ನೆಲ್ಲ ಅಡವಿಟ್ಟಿದ್ದರೂ ಇಂದಿನ ಪಟ್ಟಿಯಲ್ಲಿ ಅದು ಕಾಣದಿರಬಹುದು. 90 ದಿನಗಳ ಸಾಲಕ್ಕೆ ಮಾಲು ಕೊಡುವವರಿಗೆ ಇದು ಸಣ್ಣ ಅಂತರವಲ್ಲ. ಇದಕ್ಕೆ ಮದ್ದೆಂದರೆ, ಈಚೆಗೆ ಯಾವುದಾದರೂ ಹೊಸ ಸಾಲ ಮಂಜೂರಾಗಿದೆಯೇ ಎಂದು ಕಂಪನಿಯನ್ನೇ ಕೇಳಿ ಲಿಖಿತವಾಗಿ ಉತ್ತರ ಪಡೆಯುವುದು. 85ನೇ ಕಲಮಿನಂತೆ ಕಂಪನಿಯು ತನ್ನ ನೋಂದಾಯಿತ ಕಚೇರಿಯಲ್ಲೂ ಚಾರ್ಜ್‌ಗಳ ಪುಸ್ತಕವೊಂದನ್ನು ಇಡಬೇಕು. ಷೇರುದಾರರು ಮತ್ತು ಕಂಪನಿಗೆ ಸಾಲ ಕೊಟ್ಟವರು ಅದನ್ನು ಶುಲ್ಕವಿಲ್ಲದೆ ನೋಡಬಹುದು. ಒಮ್ಮೆ ಮಾಲು ಕೊಟ್ಟು ಹಣ ಬಾಕಿಯಿದ್ದರೆ ನೀವೂ ಸಾಲ ಕೊಟ್ಟವರೇ, ಕೇಳುವ ಹಕ್ಕಿದೆ.

ನಿರ್ದೇಶಕರ ಸ್ವಂತ ತೋಟ, ಮನೆ ಭದ್ರತೆಗೆ ಹೋಗಿದ್ದರೆ ಅದೂ ಇಲ್ಲಿ ಬರುವುದಿಲ್ಲ, ಏಕೆಂದರೆ ಇದು ಕಂಪನಿಯ ಆಸ್ತಿಯ ದಾಖಲೆ ಮಾತ್ರ. "ಕಂಪನಿ ಹೋದರೂ ಯಜಮಾನರ ತೋಟ ಇದೆಯಲ್ಲ" ಎಂದು ನಂಬಿ ಮಾಲು ಕೊಡುವ ರೂಢಿ ಮಲೆನಾಡಿನಲ್ಲಿ ಇರುವುದರಿಂದ ಇದನ್ನು ಬೇರೆಯಾಗಿ ನೋಡಬೇಕು. ಕಾವೇರಿ ಪೋರ್ಟಲ್‌ನಲ್ಲಿ ಆ ಸರ್ವೆ ನಂಬರಿನ ಋಣಭಾರ ಪ್ರಮಾಣಪತ್ರ, ನಮ್ಮ ಮಾತಿನಲ್ಲಿ ಇಸಿ, ತೆಗೆಸಿ. ಪಹಣಿಯಲ್ಲಿ ಹಕ್ಕು ಮತ್ತು ಋಣಗಳ 11ನೇ ಕಲಂ ನೋಡಿ. ಸಹಕಾರ ಸಂಘದ ಬೆಳೆ ಸಾಲ ಕೂಡ ಅಲ್ಲಿ ಕಾಣಬಹುದು. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಬರೀ ಠೇವಣಿಯಿಟ್ಟು ಮಾಡಿದ ಅಡಮಾನ ಇಸಿಯಲ್ಲಿ ಕಾಣದೆ ಹೋಗುವುದುಂಟು. ಅದನ್ನು ಹಿಡಿಯಲು 2011ರಲ್ಲಿ ಆರಂಭವಾದ ಸರ್ಸಾಯಿ ಎಂಬ ಕೇಂದ್ರೀಯ ನೋಂದಣಿ ಇದೆ. ಸಣ್ಣ ಶುಲ್ಕ ಕಟ್ಟಿ ಆಸ್ತಿಯ ವಿವರದ ಮೇಲೂ ಸಾಲ ಪಡೆದವರ ಹೆಸರಿನ ಮೇಲೂ `cersai.org.in`ನಲ್ಲಿ ಸಾರ್ವಜನಿಕರು ಹುಡುಕಬಹುದು. ವಾಹನಗಳಾದರೆ ಆರ್‌ಸಿ ಪುಸ್ತಕದಲ್ಲೇ ಸಾಲ ಕೊಟ್ಟವರ ಹೆಸರಿರುತ್ತದೆ.

ತಿರುಗಾ ಮುರುಗಾ ಆಗುವುದೂ ಉಂಟು. ಪಟ್ಟಿಯಲ್ಲಿ ದೊಡ್ಡ ಚಾರ್ಜ್ ಇದ್ದು ಲೆಕ್ಕಪತ್ರದಲ್ಲಿ ಸಾಲವೇ ಇಲ್ಲದಿದ್ದರೆ, ಕಂಪನಿಯು ತನ್ನ ಬಂಧು ಸಂಸ್ಥೆಯ ಸಾಲಕ್ಕೆ ತನ್ನ ಜಾಗವನ್ನು ಭದ್ರತೆಯಾಗಿ ಕೊಟ್ಟಿರಬಹುದು. ಸಾಲ ಮಾಡಿದವರು ಒಬ್ಬರು, ಜಾಗ ಕಳೆದುಕೊಳ್ಳುವವರು ಇನ್ನೊಬ್ಬರು. `CHG-1`ನ ಲಗತ್ತಿನಲ್ಲಿ ಸಾಲ ಪಡೆದವರ ಹೆಸರನ್ನು ಕಂಪನಿಯ ಹೆಸರಿನೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಇದು ತಿಳಿಯುತ್ತದೆ. ಇಂಥ ಹೊಣೆ ಇದ್ದರೆ ಲೆಕ್ಕಪತ್ರದ ಸಂಭಾವ್ಯ ಹೊಣೆಗಳ ಟಿಪ್ಪಣಿಯಲ್ಲಿಯೂ ಅದರ ಸುಳಿವು ಸಿಗುತ್ತದೆ.

ಕಡೆಗೆ ಮಾಡಿದ್ದು

ಆ ಸಂಜೆ ನಮ್ಮೆದುರಿಗಿದ್ದ ಚಿತ್ರ ಇಷ್ಟು. ಕಂಪನಿಯ ದಾಸ್ತಾನು, ಬಾಕಿ, ಯಂತ್ರ, ನಿವೇಶನದ ಹಕ್ಕು ಎಲ್ಲವೂ ಸರ್ಕಾರಿ ಬ್ಯಾಂಕಿಗೆ ಬರೆದುಕೊಟ್ಟಾಗಿದೆ. ಒಂದು ಯಂತ್ರದ ಮೇಲೆ ಇನ್ನೊಬ್ಬರೂ ಹಕ್ಕು ಹೇಳುತ್ತಿದ್ದಾರೆ. ಸಿಸಿಯಲ್ಲಿ ಮಾರ್ಚ್ 31ಕ್ಕೆ 80 ಲಕ್ಷ ಬಿಡುವಿತ್ತು, ಆದರೆ ಅದು ವರ್ಷದ ಒಂದೇ ದಿನದ ಚಿತ್ರ. ಕಂಪನಿ ಕೆಟ್ಟದೆಂದು ಈ ದಾಖಲೆಗಳಲ್ಲಿ ಎಲ್ಲೂ ಇರಲಿಲ್ಲ. ಆದರೆ ಭದ್ರತೆಯಿಲ್ಲದೆ ಮಾಲು ಕೊಡುವವರಿಗೆ ಹಿಡಿದುಕೊಳ್ಳಲು ಏನೂ ಉಳಿದಿಲ್ಲ ಎಂಬುದು ಸ್ಪಷ್ಟವಿತ್ತು. ಮಾರಿದ ಮಾಲಿನ ವಶವನ್ನು ಬಿಟ್ಟುಕೊಟ್ಟ ಮೇಲೆ ಹಣ ಬರದ ಮಾರಾಟಗಾರರಿಗೆ ಅದನ್ನು ತಡೆಹಿಡಿಯುವ ಹಕ್ಕು ಉಳಿಯುವುದಿಲ್ಲ, ಮತ್ತು ದಿವಾಳಿ ಪ್ರಕ್ರಿಯೆಯಲ್ಲಿ ಅವರ ಸರದಿ ಭದ್ರತೆ ಪಡೆದು ಸಾಲ ಕೊಟ್ಟವರ ಹಿಂದೆ ಬರುತ್ತದೆ.

ಬೆಳೆಗಾರರು 60 ಕ್ವಿಂಟಾಲನ್ನು ಒಟ್ಟಿಗೆ ಕೊಡಲಿಲ್ಲ. 15 ಕ್ವಿಂಟಾಲಿನ ಒಂದು ಲೋಡು ಕೊಟ್ಟು, ಅದರ ಹಣ ಖಾತೆಗೆ ಬಂದ ಮೇಲೆ ಮಾತ್ರ ಮುಂದಿನದನ್ನು ಕಳಿಸುವುದಾಗಿ ತಿಳಿಸಿದರು. ಗಡುವನ್ನು 90ರಿಂದ 21 ದಿನಕ್ಕೆ ಇಳಿಸಲು ಕಂಪನಿ ಸ್ವಲ್ಪ ಚೌಕಾಸಿಯ ನಂತರ ಒಪ್ಪಿತು, ದರದಲ್ಲಿ ಮಾತ್ರ ಕೊಂಚ ಇಳಿಸಿತು. ನಾನು ಪಟ್ಟಿಯ ಮುದ್ರಿತ ಪ್ರತಿಯ ಮೇಲೆ ಅಂದಿನ ದಿನಾಂಕ ಹಾಕಿ, 120 ದಿನಗಳ ನಂತರ ಇದನ್ನು ಮತ್ತೆ ತೆಗೆಯಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡೆ. ಎರಡನೆಯ ಸಲ ತೆಗೆದಾಗ ನಾಲ್ಕೇ ಸಾಲುಗಳಿದ್ದವು. ಹಣಕಾಸು ಸಂಸ್ಥೆಯ ಸಾಲಿನ ಎದುರಿಗೆ ಮಾತ್ರ ತೀರುವಳಿಯ ದಿನಾಂಕವೊಂದು ಹೊಸದಾಗಿ ಬಂದು ಕೂತಿತ್ತು.